ಫೋಟೊದ ಅಂಚಿನಲ್ಲಿ ಮಸುಕಾದ ಚಿಹ್ನೆ

ಅಕ್ಕನ ಮಗಳು ಹಾಸ್ಟೆಲಿನಲ್ಲಿದ್ದುಕೊಂಡು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಮೊನ್ನೆ ರಾತ್ರಿ ಒಂಬತ್ತೂವರೆಗೆ ಅವಳಿಂದ ಒಂದು ಫೋಟೊ ಬಂತು. ಯಾರದೋ ಝೆರಾಕ್ಸ್ ಹಾಳೆಯ ಮೇಲಿನ ಒಂದು ಲೆಕ್ಕ. ಅದರ ಕೆಳಗೆ, "ಮಾಮ, ನನಗೆ ಒಂದು ಇನ್‌ವರ್ಸ್ ಬಂತು, ಪಕ್ಕದ ರೂಮಿನವಳಿಗೆ ಇನ್ನೊಂದು. ಯಾರದು ಸರಿ?" ಎಂದು ಬರೆದಿದ್ದಳು.

ಹಾಳೆಯನ್ನು ನಾಲ್ಕಾಗಿ ಮಡಚಿ ಪುಸ್ತಕದಲ್ಲಿಟ್ಟಿದ್ದರು ಅಂತ ಕಾಣುತ್ತದೆ. ಮಡಿಕೆಯ ಗೆರೆ ಮೊದಲನೇ ಸಾಲಿನ ಬಲತುದಿಯಲ್ಲೇ ಹಾದುಹೋಗಿತ್ತು. ಅದರ ಮೇಲೆ ಹೆಬ್ಬೆರಳಿನ ನೆರಳು ಬೇರೆ. ನನಗೆ ಕಂಡದ್ದು ಇಷ್ಟು:

```
f(x) = x² − 6x + 11,   x ▒ 3
g(x) = √(x − 6),       x ≥ 6
1) f⁻¹ ಕಂಡುಹಿಡಿದು ಅದರ ಡೊಮೈನ್ ಬರೆಯಿರಿ.
2) (g∘f)(0) ಎಷ್ಟು?
3) g∘f ಮತ್ತು f∘g ಎರಡರ ಡೊಮೈನ್ ಬರೆಯಿರಿ.
```

ಆ ▒ ಇರುವಲ್ಲಿ ಒಂದು ಚಿಹ್ನೆಯಿತ್ತು. ಅದು ≥ ಆಗಿರಬಹುದು, ≤ ಆಗಿರಬಹುದು, > ಅಥವಾ < ಕೂಡ ಆಗಿರಬಹುದು. ಎಷ್ಟು ದೊಡ್ಡದು ಮಾಡಿ ನೋಡಿದರೂ ಬೂದುಬಣ್ಣದ ಕಲೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ಹಾಳೆ ಯಾರದೋ ಅವಳು ಊರಿಗೆ ಹೋಗಿದ್ದಾಳಂತೆ. ಹುಡುಗಿಯರಿಬ್ಬರೂ ಇದೇ ಫೋಟೊ ಇಟ್ಟುಕೊಂಡು ಲೆಕ್ಕ ಮಾಡಿದ್ದರು. ನಮ್ಮವಳಿಗೆ ಬಂದ ಉತ್ತರ 3 + √(x − 2), ಪಕ್ಕದವಳದು 3 − √(x − 2). ಇಬ್ಬರ ಲೆಕ್ಕದಲ್ಲೂ ಕೂಡುವ ಕಳೆಯುವ ತಪ್ಪು ಒಂದೂ ಇಲ್ಲ. ಒಬ್ಬಳು ಕಲೆಯನ್ನು ≥ ಎಂದು ಓದಿದ್ದಳು, ಇನ್ನೊಬ್ಬಳು ≤ ಎಂದು, ಅಷ್ಟೇ.

ಒಂದು ಚಿಹ್ನೆ ತಿರುಗಿದರೆ ಉತ್ತರವೇ ಹೇಗೆ ಬದಲಾಗುತ್ತದೆ ಎಂಬುದು ತಿಳಿಯಬೇಕಾದರೆ ಫಂಕ್ಷನ್ ಎಂದರೇನು ಎಂಬಲ್ಲಿಂದ ಶುರುಮಾಡಬೇಕು. ಪಠ್ಯಪುಸ್ತಕ ಅದನ್ನು ಉತ್ಪನ್ನ ಎನ್ನುತ್ತದೆ, ತರಗತಿಯಲ್ಲಿ ಎಲ್ಲರೂ ಫಂಕ್ಷನ್ ಎಂದೇ ಹೇಳುವುದು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುವ ಸ್ಟ್ಯಾಂಡ್ ಇರುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಒಂದು ಜೊತೆ ಚಪ್ಪಲಿ ಕೊಟ್ಟರೆ ಒಂದು ಟೋಕನ್ ಕೊಡುತ್ತಾರೆ. ಒಂದು ಜೊತೆಗೆ ಒಂದೇ ಟೋಕನ್, ಎರಡಿಲ್ಲ. ಫಂಕ್ಷನ್ ಎಂದರೆ ಅಷ್ಟೇ: ಒಂದು ಸಂಖ್ಯೆ ಕೊಟ್ಟರೆ ಖಚಿತವಾಗಿ ಒಂದು ಸಂಖ್ಯೆ ಕೊಡುವ ನಿಯಮ. ಯಾವ ಯಾವ ಸಂಖ್ಯೆಗಳನ್ನು ಒಳಗೆ ಬಿಟ್ಟುಕೊಳ್ಳುತ್ತೇವೆ ಎಂಬುದು ಅದರ ಡೊಮೈನ್. ಯಾವ ಯಾವ ಟೋಕನ್‌ಗಳು ಹೊರಗೆ ಬರುತ್ತವೆ ಎಂಬುದು ಅದರ ರೇಂಜ್.

ಇನ್‌ವರ್ಸ್ ಅಥವಾ ವಿಲೋಮ ಎಂದರೆ ದರ್ಶನ ಮುಗಿಸಿ ಬಂದು ಟೋಕನ್ ಕೊಟ್ಟು ಚಪ್ಪಲಿ ವಾಪಸ್ ತೆಗೆದುಕೊಳ್ಳುವುದು. ಪ್ರತಿ ಟೋಕನ್ ಒಂದೇ ಜೊತೆಗೆ ಸೇರಿದ್ದಾಗ ಮಾತ್ರ ಇದು ನಡೆಯುತ್ತದೆ. ಒಂದೇ ನಂಬರಿನ ಟೋಕನ್ ಇಬ್ಬರಿಗೆ ಹೋಗಿದ್ದರೆ ಸ್ಟ್ಯಾಂಡಿನವನು ಯಾವ ಚಪ್ಪಲಿ ಕೊಡಬೇಕು?

ನಮ್ಮ f ಮಾಡುವುದು ಇದೇ ಅವಾಂತರವನ್ನು. ಅದಕ್ಕೆ 2 ಕೊಟ್ಟು ನೋಡಿ: 4 − 12 + 11, ಅಂದರೆ 3. ಈಗ 4 ಕೊಡಿ: 16 − 24 + 11, ಅದೂ 3. ಟೋಕನ್ 3 ಇಬ್ಬರ ಕೈಯಲ್ಲಿದೆ. ಎಲ್ಲ ಸಂಖ್ಯೆಗಳನ್ನೂ ಒಳಗೆ ಬಿಟ್ಟುಕೊಂಡರೆ ಈ f ಗೆ ಇನ್‌ವರ್ಸ್ ಇಲ್ಲವೇ ಇಲ್ಲ. ಹಾಗಾಗಿ ಪ್ರಶ್ನೆ ಬರೆದವರು ಪಕ್ಕದಲ್ಲಿ x ಗೂ 3 ಕ್ಕೂ ನಡುವೆ ಒಂದು ಚಿಹ್ನೆ ಹಾಕಿ ಅರ್ಧ ಜನರನ್ನು ಹೊರಗೆ ನಿಲ್ಲಿಸುತ್ತಾರೆ. ಆ ಅಲ್ಪವಿರಾಮದ ನಂತರದ ಭಾಗವನ್ನು ಅಲಂಕಾರವೆಂದು ತಿಳಿದು ಹಾರಿಸಿ ಓದುವವರೇ ಹೆಚ್ಚು. ಲೆಕ್ಕ ನಿಂತಿರುವುದೇ ಅದರ ಮೇಲೆ.

3 ಎಲ್ಲಿಂದ ಬಂತು ಎಂಬುದು x² − 6x + 11 ಅನ್ನು ಸ್ವಲ್ಪ ಬಿಡಿಸಿದರೆ ಕಾಣುತ್ತದೆ. 6 ರ ಅರ್ಧ 3. (x − 3)² ಬಿಡಿಸಿದರೆ x² − 6x + 9. ನಮ್ಮಲ್ಲಿರುವುದು 11, ಅಂದರೆ ಇನ್ನೂ 2 ಹೆಚ್ಚು. ಆದ್ದರಿಂದ f(x) = (x − 3)² + 2. ಇದನ್ನು ಚಿತ್ರ ಬರೆದರೆ ಬಟ್ಟಲಿನ ಆಕಾರ ಬರುತ್ತದೆ, ಬಟ್ಟಲಿನ ತಳ x = 3 ರಲ್ಲಿ, ಎತ್ತರ 2. ತಳದಿಂದ ಎಡಕ್ಕೆ ಒಂದು ಹೆಜ್ಜೆ ಹೋದರೂ ಬಲಕ್ಕೆ ಒಂದು ಹೆಜ್ಜೆ ಹೋದರೂ ಎತ್ತರ ಒಂದೇ. 2 ಮತ್ತು 4 ಸಿಕ್ಕಿಬಿದ್ದದ್ದು ಹಾಗೆ. ಬಟ್ಟಲನ್ನು ತಳದಲ್ಲೇ ಸೀಳಿ ಒಂದು ಅರ್ಧ ಇಟ್ಟುಕೊಂಡರೆ ಯಾವ ಎತ್ತರವೂ ಎರಡು ಸಲ ಬರುವುದಿಲ್ಲ. ಯಾವ ಅರ್ಧ ಇಟ್ಟುಕೊಳ್ಳಬೇಕು ಎಂಬುದನ್ನು ಹೇಳುವುದು ಆ ಮಸುಕಾದ ಚಿಹ್ನೆ.

ಇನ್ನು ಇನ್‌ವರ್ಸ್. y = (x − 3)² + 2 ಎಂದು ಬರೆದು x ಅನ್ನು ಒಂಟಿ ಮಾಡುತ್ತಾ ಬರಬೇಕು. y − 2 = (x − 3)². ಎರಡೂ ಕಡೆ ವರ್ಗಮೂಲ ತೆಗೆದರೆ x − 3 = ±√(y − 2). ಈ ± ಮುಂದೆ ಎಲ್ಲರೂ ಒಂದು ಗಳಿಗೆ ತಡವರಿಸುತ್ತಾರೆ, ಆಮೇಲೆ ಅಭ್ಯಾಸಬಲದಿಂದ + ಬರೆದು ಮುಂದೆ ಹೋಗುತ್ತಾರೆ. ನಮ್ಮ ಹುಡುಗಿಯೂ ಹಾಗೆ ಮಾಡಿದ್ದಳೋ ಏನೋ, ಕೇಳಲಿಲ್ಲ. ಇಲ್ಲಿ ಊಹೆಗೆ ಜಾಗವಿಲ್ಲ, ಡೊಮೈನ್ ನೋಡಬೇಕು. x ≤ 3 ಆಗಿದ್ದರೆ x − 3 ಸೊನ್ನೆ ಅಥವಾ ಋಣ, ಆದ್ದರಿಂದ ಮೈನಸ್. x ≥ 3 ಆಗಿದ್ದರೆ ಪ್ಲಸ್. ಹೀಗೆ ಒಂದು ಚಿಹ್ನೆಯಿಂದ ಇನ್ನೊಂದು ಚಿಹ್ನೆ ಹುಟ್ಟುತ್ತದೆ.

ಹಾಗಾದರೆ ಫೋಟೊದಲ್ಲಿದ್ದದ್ದು ಯಾವುದು? ಕಲೆಯನ್ನು ದಿಟ್ಟಿಸಿದರೆ ಹೇಳುವಂತಿರಲಿಲ್ಲ. ಆದರೆ ಕೆಳಗಿನ ಎರಡನೇ ಉಪಪ್ರಶ್ನೆಯಲ್ಲಿ ಉತ್ತರವಿತ್ತು. ನಾನು ಅವಳಿಗೆ ಫೋನ್ ಮಾಡಿದೆ.

"(g∘f)(0) ಅಂದರೆ ಮೊದಲು ಏನು ಮಾಡ್ತೀಯ?"

"ಮೊದಲು f ಗೆ 0 ಹಾಕ್ತೀನಿ ಮಾಮ. 11 ಬರುತ್ತೆ. ಅದನ್ನ g ಗೆ ಹಾಕಿದರೆ ರೂಟ್ 5."

"f ಗೆ 0 ಹಾಕೋಕೆ ನಿನಗೆ ಪರ್ಮಿಷನ್ ಕೊಟ್ಟವರು ಯಾರು? ನೀನು x ≥ 3 ಅಂತ ಓದಿದ್ದೀಯ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಯ್ಯೋ, ಸೊನ್ನೆ ಮೂರಕ್ಕಿಂತ ಚಿಕ್ಕದು. ಹಾಗಾದ್ರೆ ಅದು ಚಿಕ್ಕದು ಅನ್ನೋ ಚಿಹ್ನೆನೇ."

ಹೌದು. ಪ್ರಶ್ನೆಯಲ್ಲಿ 0 ಅನ್ನು f ಗೆ ಕೊಡಿ ಎಂದಿದ್ದಾರೆ ಎಂದರೆ 0 ಆ ಡೊಮೈನಿನಲ್ಲಿ ಇರಲೇಬೇಕು. 3 ಕ್ಕಿಂತ ದೊಡ್ಡವರಿಗೆ ಮಾತ್ರ ಬಾಗಿಲು ತೆರೆದಿದ್ದರೆ ಈ ಉಪಪ್ರಶ್ನೆಗೆ ಅರ್ಥವೇ ಇರುತ್ತಿರಲಿಲ್ಲ. ಮೇಲಿನ ಸಾಲಿನಲ್ಲಿ ಅಳಿಸಿಹೋದದ್ದನ್ನು ಕೆಳಗಿನ ಸಾಲು ಹೇಳಿಕೊಟ್ಟಿತು.

ಫೋಟೊದ ಉಳಿದ ಎರಡು ಅನುಮಾನಗಳನ್ನೂ ಹೀಗೇ ಬಗೆಹರಿಸಿಕೊಂಡೆ. g ಯಲ್ಲಿ ವರ್ಗಮೂಲದ ಮೇಲಿನ ಗೆರೆ ಎಲ್ಲಿಯವರೆಗೆ ಎಳೆದಿದೆ ಎಂಬುದು ಝೆರಾಕ್ಸಿನಲ್ಲಿ ಸ್ಪಷ್ಟವಿರಲಿಲ್ಲ. ಮೇಲೆ ಬರೆದುಕೊಳ್ಳುವಾಗ ನಾನು ಆವರಣ ಹಾಕಿಕೊಂಡಿದ್ದೇನೆ, ಹಾಳೆಯಲ್ಲಿ ಆವರಣವಿರಲಿಲ್ಲ, ಗೆರೆ ಮಾತ್ರ. ವರ್ಗಮೂಲದ ಚಿಹ್ನೆಗೆ ಆ ಮೇಲುಗೆರೆಯನ್ನು ಸೇರಿಸಿದವನು ಫ್ರಾನ್ಸಿನ ದೆಕಾರ್ತ್, 1637 ರಲ್ಲಿ. ಅಂದಿನಿಂದ ಅದು ಆವರಣದ ಕೆಲಸ ಮಾಡುತ್ತಿದೆ. ಗೆರೆ x ಮೇಲಷ್ಟೇ ಇದ್ದರೆ √x ತೆಗೆದು ಆಮೇಲೆ 6 ಕಳೆಯಬೇಕು. ಆಗ x ಸೊನ್ನೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಾಕು. ಆದರೆ ಪಕ್ಕದಲ್ಲಿ x ≥ 6 ಎಂದು ಬರೆದಿದ್ದರು. ಋಣ ಸಂಖ್ಯೆಗೆ ವಾಸ್ತವ ವರ್ಗಮೂಲವಿಲ್ಲದ್ದರಿಂದ x − 6 ಸೊನ್ನೆಗಿಂತ ಕೆಳಗಿಳಿಯಬಾರದು, ಅದಕ್ಕೇ ಆ 6. ಹಾಗಾಗಿ 6 ಗೆರೆಯ ಕೆಳಗೇ ಇದೆ. ಇನ್ನು g ಗೂ f ಗೂ ನಡುವಿನ ಪುಟ್ಟ ಸೊನ್ನೆ ಫೋಟೊದಲ್ಲಿ ಬರೀ ಚುಕ್ಕಿಯಂತಿತ್ತು. ಚುಕ್ಕಿಯಾಗಿದ್ದರೆ ಅದು ಗುಣಾಕಾರ, ಆಗ g(0) ಬೇಕಾಗುತ್ತದೆ. g ಗೆ 0 ಕೊಡಲು ಬರುವುದಿಲ್ಲ. ಆದ್ದರಿಂದ ಅದು ಗುಣಾಕಾರವಲ್ಲ, ಸಂಯೋಜನೆ, ಮಕ್ಕಳು 'ಜಿ ಓ ಎಫ್' ಎಂದು ಓದುವುದು.

ಹೀಗೆ f⁻¹(x) = 3 − √(x − 2) ಎಂದಾಯಿತು. f⁻¹ ತಲೆಯ ಮೇಲಿನ −1 ಬಗ್ಗೆಯೂ ಒಂದು ಮಾತು ಹೇಳಬೇಕು. ಅದನ್ನು ಘಾತವೆಂದು ತಿಳಿದು 1 ರಿಂದ ಭಾಗಿಸುವವರಿದ್ದಾರೆ. ನಮ್ಮ f ಗೆ f(3) = 2, ಆದ್ದರಿಂದ 1/f(3) ಅರ್ಧ. ಆದರೆ f⁻¹(3) = 3 − √1 = 2. ಎರಡಕ್ಕೂ ಸಂಬಂಧವಿಲ್ಲ. ಈ ಬರವಣಿಗೆಯನ್ನು 1813 ರಲ್ಲಿ ಬಳಕೆಗೆ ತಂದವನು ಇಂಗ್ಲೆಂಡಿನ ಖಗೋಳಜ್ಞ ಜಾನ್ ಹರ್ಷಲ್. 'ಮಾಡಿದ್ದನ್ನು ಹಿಂದಕ್ಕೆ ಬಿಚ್ಚು' ಎಂಬುದು ಅದರ ಅರ್ಥ.

ಉತ್ತರ ಸರಿಯೋ ಎಂದು ತಾಳೆ ನೋಡುವುದರಲ್ಲಿ ಒಂದು ಸೂಕ್ಷ್ಮವಿದೆ, ತುಂಬ ಜನ ಎಡವುವುದು ಇಲ್ಲೇ. ಡೊಮೈನಿನ ಒಂದು ಸಂಖ್ಯೆ, 1 ಇಟ್ಟುಕೊಳ್ಳೋಣ. f(1) = 6. ಈಗ f⁻¹(6) = 3 − √4 = 1. ಹೊರಟಲ್ಲಿಗೇ ಬಂದೆವು. ಪ್ಲಸ್ ಹಾಕಿದ್ದರೆ 3 + 2 = 5 ಬರುತ್ತಿತ್ತು, ಕೊಟ್ಟದ್ದು 1, ವಾಪಸ್ ಬಂದದ್ದು 5, ಯಾರದೋ ಚಪ್ಪಲಿ. ತಪ್ಪು ತಕ್ಷಣ ಸಿಕ್ಕಿತು. ಇದನ್ನೇ ತಿರುಗಿಸಿ ತಾಳೆ ನೋಡಿದರೆ ತಪ್ಪು ಸಿಗುವುದಿಲ್ಲ. 6 ರಿಂದ ಹೊರಡಿ. ಪ್ಲಸ್ ಇರುವ ತಪ್ಪು ಇನ್‌ವರ್ಸ್ 5 ಕೊಡುತ್ತದೆ. 5 ಅನ್ನು ಸೂತ್ರಕ್ಕೆ ಹಾಕಿ: 25 − 30 + 11 = 6. ಮತ್ತೆ 6 ಬಂತಲ್ಲ, ಸರಿಯಾಗಿದೆ ಎಂದು ಮೋಸ ಹೋಗುತ್ತೇವೆ. 5 ನಮ್ಮ ಡೊಮೈನಿನಲ್ಲೇ ಇಲ್ಲ ಎಂಬುದನ್ನು ಸೂತ್ರ ಹೇಳುವುದಿಲ್ಲ. ಆದ್ದರಿಂದ ತಾಳೆ ನೋಡುವಾಗ f ನ ಡೊಮೈನಿನಿಂದ ಒಂದು ಸಂಖ್ಯೆ ತೆಗೆದುಕೊಂಡು f ನಿಂದ ಹೊರಡಬೇಕು. ಆ ಸಂಖ್ಯೆ 3 ಆಗಿರಬಾರದು. 3 ಬಟ್ಟಲಿನ ತಳ, ಅಲ್ಲಿ ಪ್ಲಸ್ಸೂ ಮೈನಸ್ಸೂ ಒಂದೇ ಉತ್ತರ ಕೊಡುತ್ತವೆ.

ಕ್ಯಾಲ್ಕುಲೇಟರ್ ಇರುವವರು ಇದನ್ನು ಇನ್ನೊಂದು ಕಡೆ ನೋಡಬಹುದು. 120 ಡಿಗ್ರಿಯ ಸೈನ್ ತೆಗೆದು, ಬಂದದ್ದರ ಇನ್‌ವರ್ಸ್ ಸೈನ್ ತೆಗೆಯಿರಿ. 60 ಬರುತ್ತದೆ. ಯಂತ್ರ ಕೆಟ್ಟಿಲ್ಲ. 60 ಕ್ಕೂ 120 ಕ್ಕೂ ಸೈನ್ ಒಂದೇ, ಆದ್ದರಿಂದ ಇನ್‌ವರ್ಸ್ ಸೈನ್ −90 ರಿಂದ 90 ಡಿಗ್ರಿಯವರೆಗಿನ ಕೋನಗಳನ್ನಷ್ಟೇ ವಾಪಸ್ ಕೊಡುತ್ತದೆ. ಅಲ್ಲಿಯೂ ಬಟ್ಟಲು ಸೀಳುವ ಕೆಲಸವೇ ನಡೆದಿರುವುದು.

ಇನ್‌ವರ್ಸಿನ ಡೊಮೈನ್ ಬರೆಯುವುದು ಸುಲಭ: f ನ ರೇಂಜ್ ಯಾವುದೋ ಅದೇ. ಸ್ಟ್ಯಾಂಡಿನವನು ತಾನು ಕೊಟ್ಟ ಟೋಕನ್‌ಗಳನ್ನು ಮಾತ್ರ ವಾಪಸ್ ತೆಗೆದುಕೊಳ್ಳುತ್ತಾನೆ. x ≤ 3 ಇದ್ದಾಗ f ನ ಎತ್ತರ 2 ರಿಂದ ಶುರುವಾಗಿ ಎಷ್ಟು ಬೇಕಾದರೂ ಏರುತ್ತದೆ, ಆದ್ದರಿಂದ x ≥ 2. "ರೂಟಿನ ಒಳಗೆ x − 2 ಇದೆಯಲ್ಲ ಮಾಮ, ಅದನ್ನ ನೋಡಿದರೇ x ≥ 2 ಬರುತ್ತಲ್ಲ, ರೇಂಜ್ ಯಾಕೆ?" ಎಂದು ಹುಡುಗಿ ಕೇಳಿದಳು. ಈ ಲೆಕ್ಕದಲ್ಲಿ ಎರಡೂ ಕೂಡಿಬಂದಿವೆ, ಎಲ್ಲ ಕಡೆ ಹಾಗಾಗುವುದಿಲ್ಲ. ಪ್ರಶ್ನೆಯಲ್ಲಿ 0 ≤ x ≤ 3 ಎಂದಿದ್ದರೆ f ಕೊಡುವ ಸಂಖ್ಯೆಗಳು 2 ರಿಂದ 11 ರವರೆಗೆ ಮಾತ್ರ. ಇನ್‌ವರ್ಸಿನ ಸೂತ್ರ ಆಗಲೂ 3 − √(x − 2), ಅದರಲ್ಲೇನೂ ಬದಲಾವಣೆಯಿಲ್ಲ. ಆ ಸೂತ್ರಕ್ಕೆ 27 ಹಾಕಿದರೆ ಸಲೀಸಾಗಿ −2 ಕೊಡುತ್ತದೆ. ಆದರೆ −2 ಎಂದೂ ಒಳಗೆ ಬಂದಿರಲಿಲ್ಲ, 27 ಎಂಬ ಟೋಕನ್ ಎಂದೂ ಹೊರಗೆ ಹೋಗಿರಲಿಲ್ಲ. ಆ 11 ಎಂಬ ಮೇಲಿನ ಗಡಿ ಸೂತ್ರದಲ್ಲಿ ಎಲ್ಲೂ ಕಾಣುವುದಿಲ್ಲ, ರೇಂಜ್ ನೋಡಿದವರಿಗೆ ಮಾತ್ರ ಕಾಣುತ್ತದೆ.

ಮೂರನೇ ಉಪಪ್ರಶ್ನೆಯಲ್ಲಿ ಇದೇ ಅಡಗಿದ ಗಡಿ ಮತ್ತೆ ಎದುರಾಗುತ್ತದೆ. ಸಂಯೋಜನೆ ಎಂದರೆ ಒಂದು ಫಂಕ್ಷನ್ ಕೊಟ್ಟದ್ದನ್ನು ಇನ್ನೊಂದರ ಕೈಗೆ ಕೊಡುವುದು. ಓದುವುದು ಎಡದಿಂದ, ಕೆಲಸ ಶುರುವಾಗುವುದು ಬಲದಿಂದ: g∘f ನಲ್ಲಿ ಮೊದಲು f, ಆಮೇಲೆ g. ಒಂದು ಸಂಖ್ಯೆ ಎರಡು ಬಾಗಿಲು ದಾಟಬೇಕು. ಮೊದಲು f ನ ಬಾಗಿಲು: x ≤ 3. ನಂತರ f ಕೊಟ್ಟದ್ದು g ಯ ಬಾಗಿಲು ದಾಟಬೇಕು, ಅಂದರೆ f(x) ≥ 6. (x − 3)² + 2 ಕನಿಷ್ಠ 6 ಇರಬೇಕಾದರೆ (x − 3)² ಕನಿಷ್ಠ 4 ಇರಬೇಕು. 3 ರಿಂದ ಎರಡು ಹೆಜ್ಜೆಯಾದರೂ ದೂರ ನಿಲ್ಲಬೇಕು ಎಂದರ್ಥ: x ≤ 1 ಅಥವಾ x ≥ 5. ಇದರಲ್ಲಿ x ≥ 5 ಇರುವವರನ್ನು ಮೊದಲನೇ ಬಾಗಿಲೇ ತಡೆದಿದೆ. ಉಳಿಯುವುದು x ≤ 1. ಉದಾಹರಣೆಗೆ 2 ಮೊದಲನೇ ಬಾಗಿಲು ದಾಟಿ 3 ಆಗಿ ಹೊರಬರುತ್ತದೆ, g ಯ ಮುಂದೆ √(−3) ಆಗಿ ನಿಲ್ಲುತ್ತದೆ.

ಇಲ್ಲಿ ಪಠ್ಯದಿಂದ ಪಠ್ಯಕ್ಕೆ ಒಂದು ವ್ಯತ್ಯಾಸವಿದೆ. f ಗಣ A ಯಿಂದ B ಗೆ, g ಗಣ B ಯಿಂದ C ಗೆ ಎಂದು ವ್ಯಾಖ್ಯೆ ಕೊಡುವ ಪುಸ್ತಕಗಳಲ್ಲಿ f ಕೊಡುವ ಪ್ರತಿಯೊಂದು ಸಂಖ್ಯೆಯೂ g ಗೆ ಒಪ್ಪಿಗೆಯಾಗಬೇಕು. ಇಲ್ಲದಿದ್ದರೆ g∘f ಇಲ್ಲ ಎಂದೇ ಬರೆಯಬೇಕು. ನಮ್ಮ ಹಾಳೆಯಲ್ಲಿ "ಡೊಮೈನ್ ಬರೆಯಿರಿ" ಎಂದಿದ್ದರಿಂದ, ದಾಟಬಲ್ಲವರನ್ನು ಮಾತ್ರ ಆರಿಸಿಕೊಳ್ಳಿ ಎಂಬ ಅರ್ಥದಲ್ಲಿ ಕೇಳಿದ್ದಾರೆ. ಪ್ರಶ್ನೆಯ ಕೊನೆಯ ಸಾಲು ಫೋಟೊದಲ್ಲಿ ಕತ್ತರಿಸಿಹೋಗಿದ್ದರೆ ಇದನ್ನು ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

f∘g ಯಲ್ಲಿ ಮೊದಲು g. ಅದರ ಬಾಗಿಲು x ≥ 6. ಅದು ಕೊಡುವ √(x − 6) ಈಗ f ನ ಬಾಗಿಲು ದಾಟಬೇಕು, 3 ಕ್ಕಿಂತ ಹೆಚ್ಚಾಗಬಾರದು. √(x − 6) ≤ 3 ಎಂದರೆ x − 6 ≤ 9, ಅಂದರೆ x ≤ 15. ಡೊಮೈನ್ 6 ರಿಂದ 15 ರವರೆಗೆ. ಈಗ ಸೂತ್ರ ಬರೆಯೋಣ: ವರ್ಗಮೂಲದ ವರ್ಗ x − 6, ಅದರಿಂದ 6√(x − 6) ಕಳೆದು 11 ಕೂಡಿಸಿದರೆ x + 5 − 6√(x − 6). ಈ ಕೊನೆಯ ಸಾಲನ್ನು ಮಾತ್ರ ಯಾರಿಗಾದರೂ ತೋರಿಸಿ ಡೊಮೈನ್ ಕೇಳಿದರೆ x ≥ 6 ಎಂದೇ ಹೇಳುತ್ತಾರೆ. 15 ರ ಗಂಧವೂ ಅದರಲ್ಲಿಲ್ಲ. ಮೊಬೈಲಿನ ಗ್ರಾಫ್ ಆ್ಯಪಿಗೆ ಈ ಸೂತ್ರ ಹಾಕಿದರೂ ಗೆರೆ 15 ದಾಟಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. 22 ಹಾಕಿ ನೋಡಿ: 27 − 24 = 3, ಚೊಕ್ಕ ಉತ್ತರ. ಆದರೆ ದಾರಿಯಲ್ಲಿ g(22) = √16 = 4, ಆ 4 ಕ್ಕೆ f ನ ಬಾಗಿಲು ಮುಚ್ಚಿದೆ. ಅದಕ್ಕೇ ಡೊಮೈನನ್ನು ಸೂತ್ರ ಚೊಕ್ಕಟ ಮಾಡುವ ಮೊದಲೇ ಬರೆದಿಡಬೇಕು. ಚೊಕ್ಕಟ ಮಾಡಿದ ಮೇಲೆ ಬಾಗಿಲುಗಳ ಗುರುತು ಅಳಿಸಿಹೋಗಿರುತ್ತದೆ.

ಇಷ್ಟೆಲ್ಲ ಆದರೂ ಒಂದು ಅನುಮಾನ ಉಳಿದಿತ್ತು. ಚಿಹ್ನೆ ಎಡಕ್ಕೆ ತೆರೆದಿಲ್ಲ ಎಂಬುದು 0 ಇಂದ ಗೊತ್ತಾಯಿತು, ಆದರೆ ಅದರ ಕೆಳಗೆ ಗೆರೆಯಿದೆಯೋ ಇಲ್ಲವೋ? ಗೆರೆಯಿಲ್ಲದೆ x < 3 ಆಗಿದ್ದರೆ 3 ಹೊರಗೆ. ಆಗ 2 ಎಂಬ ಟೋಕನ್ ಯಾರಿಗೂ ಸಿಗುವುದಿಲ್ಲ, ಇನ್‌ವರ್ಸಿನ ಡೊಮೈನ್ x > 2 ಆಗುತ್ತದೆ, f∘g ಯಲ್ಲಿ 15 ಕೂಡ ಹೊರಗೆ ನಿಲ್ಲುತ್ತದೆ. ಪ್ರಶ್ನೆಯ ಬೇರಾವ ಭಾಗವೂ ಇದಕ್ಕೆ ಸಾಕ್ಷಿ ಹೇಳುತ್ತಿರಲಿಲ್ಲ. ಇಂಥ ಕಡೆ ಊಹಿಸಬಾರದು, ಇನ್ನೊಂದು ಫೋಟೊ ಕೇಳಬೇಕು.

ಹೇಗೆ ತೆಗೆಯಬೇಕೆಂದೂ ಹೇಳಿದೆ. ಹಾಳೆಯನ್ನು ಮೇಜಿನ ಮೇಲೆ ಹರಡಿ ಮಡಿಕೆ ಸಮ ಮಾಡು. ಕಿಟಕಿಯ ಬೆಳಕಿನಲ್ಲಿ ನೇರ ಮೇಲಿನಿಂದ ತೆಗಿ, ಪ್ರಶ್ನೆಯ ನಂಬರಿನಿಂದ ಕೊನೆಯ ಸಾಲಿನವರೆಗೆ ಬರಲಿ, ಬಲಗಡೆಯ ಅಂಚು ಪೂರ್ತಿ ಬರಲಿ. ಸ್ಕ್ಯಾನ್ ಆ್ಯಪಿನ ಕಪ್ಪು-ಬಿಳುಪು ಮೋಡ್ ಬೇಡ, ಅದು ತೆಳ್ಳಗಿನ ಗೆರೆಗಳನ್ನು ಕೊಳೆಯೆಂದು ತಿಳಿದು ಒರೆಸಿಬಿಡುವುದುಂಟು. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಚಿತ್ರ ಕುಗ್ಗುವುದಿಲ್ಲ.

ಮರುದಿನ ಸಂಜೆ ಹಾಳೆಯವಳು ಊರಿಂದ ಬಂದಳು. ಹೊಸ ಫೋಟೊದಲ್ಲಿ ಚಿಹ್ನೆ ಸ್ಪಷ್ಟವಾಗಿತ್ತು, ಮಡಿಕೆಯ ಗೆರೆಗೆ ಅಂಟಿಕೊಂಡಂತೆ ಅದರ ಕೆಳಗೊಂದು ಅಡ್ಡಗೆರೆ. x ≤ 3.

"ಅವಳದೇ ಸರಿಯಿತ್ತು ಮಾಮ, ಮೈನಸ್ಸು" ಎಂದು ಬರೆದಿದ್ದಳು. ಐದು ನಿಮಿಷ ಬಿಟ್ಟು ಇನ್ನೊಂದು ಮೆಸೇಜ್ ಬಂತು: "ಆದ್ರೆ ಮೂರನೇದಕ್ಕೆ x ≥ 6 ಅಂತಷ್ಟೇ ಬರೆದಿದ್ದಾಳೆ. 22 ಹಾಕಿ ನೋಡು ಅಂತ ಹೇಳೋಕೆ ಅವಳ ರೂಮಿಗೆ ಹೋಗ್ತಾ ಇದ್ದೀನಿ."